ಮೇಲ್ ಸರ್ವರಿನಲ್ಲಿ ಪಾಸ್‌ವರ್ಡಿನ ಜಾಗಕ್ಕೆ ಟೋಕನ್

ಫೋನಿನ ಮೇಲ್ ಆ್ಯಪ್‌ಗೆ ನಾವು ಪಾಸ್‌ವರ್ಡನ್ನು ಒಮ್ಮೆ ಕೊಟ್ಟು ಮರೆತುಬಿಡುತ್ತೇವೆ. ಆ್ಯಪ್ ಮರೆಯುವುದಿಲ್ಲ. ವೈಫೈ ಬಿಟ್ಟು ಮೊಬೈಲ್ ಡೇಟಾಕ್ಕೆ ಬಂದಾಗ, ಫೋನ್ ಆಫ್ ಆಗಿ ಮತ್ತೆ ಆನ್ ಆದಾಗ, ಒಂದು ಪತ್ರ ಕಳಿಸಿದಾಗ, ಹೀಗೆ ಸರ್ವರಿನ ಜೊತೆ ಹೊಸ ಸಂಪರ್ಕ ಶುರುವಾದಾಗಲೆಲ್ಲ ಅದೇ ಪಾಸ್‌ವರ್ಡನ್ನು ಇದ್ದ ಹಾಗೆಯೇ ಒಪ್ಪಿಸುತ್ತಿರುತ್ತದೆ. ಆಶಾ ಎಂಬವರ ಆ್ಯಪ್ ಪತ್ರ ಕಳಿಸಲು ಬಂದಾಗ ಸರ್ವರಿಗೆ ತಲುಪುವ ಸಾಲು ಹೀಗಿರುತ್ತದೆ:

```
AUTH PLAIN AGFzaGEAbWFsbGlnZQ==
```

ನೋಡುವುದಕ್ಕೆ ಗೂಢಲಿಪಿಯ ಹಾಗಿದೆ, ಆದರೆ ಇದರಲ್ಲಿ ಗುಟ್ಟೇನೂ ಇಲ್ಲ. ಅಕ್ಷರಗಳನ್ನು ಸಾಗಿಸಲು ಅನುಕೂಲವಾಗಲೆಂದು ಬೇಸ್64 ಎಂಬ ಪದ್ಧತಿಯಲ್ಲಿ ಬರೆದಿದ್ದಾರೆ, ಅಷ್ಟೆ. ಬಿಡಿಸಲು ಕೀಲಿ ಬೇಕಿಲ್ಲ. ಯಾವುದೇ ಲಿನಕ್ಸ್ ಯಂತ್ರದಲ್ಲಿ `base64 -d` ಎಂಬ ಆಜ್ಞೆಗೆ ಕೊಟ್ಟರೆ asha ಎಂಬ ಹೆಸರೂ mallige ಎಂಬ ಪಾಸ್‌ವರ್ಡೂ ಹೊರಗೆ ಬರುತ್ತವೆ. ದಾರಿಯಲ್ಲಿ ಈ ಸಾಲಿನ ಸುತ್ತ ಟಿಎಲ್‌ಎಸ್ ಕವಚ ಇರುವುದರಿಂದ ನಡುವೆ ಕಿವಿಗೊಟ್ಟವರಿಗೆ ಇದು ಕೇಳಿಸದು. ಅಪಾಯ ಇರುವುದು ಎರಡು ತುದಿಗಳಲ್ಲಿ.

ಒಂದು ತುದಿಯಲ್ಲಿ ಆಶಾ ಅವರ ಫೋನು, ಮನೆಯ ಲ್ಯಾಪ್‌ಟಾಪು, ಕಚೇರಿಯ ಕಂಪ್ಯೂಟರು, ಎಂದೋ ಮಾರಿದ ಹಳೆಯ ಟ್ಯಾಬ್, ಎಲ್ಲದರಲ್ಲೂ ಒಂದೇ ಪಾಸ್‌ವರ್ಡ್ ಕೂತಿದೆ. ಒಂದು ಕಡೆ ಸೋರಿದರೆ ಎಲ್ಲ ಕಡೆಯೂ ಸೋರಿದಂತೆ. ಇನ್ನೊಂದು ತುದಿಯಲ್ಲಿ ಸರ್ವರ್ ಇದೆ. ಪತ್ರ ಓದಲು ಬಳಸುವ ಐಮ್ಯಾಪ್, ಪತ್ರ ಕಳಿಸಲು ಬಳಸುವ ಎಸ್‌ಎಂಟಿಪಿ ಎರಡೂ ಹಳೆಯ ಕಾಲದ ಭಾಷೆಗಳು. ಹೆಸರು ಮತ್ತು ಪಾಸ್‌ವರ್ಡ್ ಕೇಳಿ ಮುಗಿಸಿದ ಮೇಲೆ "ನಿಮ್ಮ ಫೋನಿಗೆ ಬಂದ ಆರು ಅಂಕಿ ಹೇಳಿ" ಎಂದು ಕೇಳಲು ಆ ಸಂಭಾಷಣೆಯಲ್ಲಿ ಜಾಗವೇ ಇಲ್ಲ. ವೆಬ್‌ಸೈಟಿನಲ್ಲಿ ಎಷ್ಟೇ ಒಟಿಪಿ ಇಟ್ಟರೂ ಈ ಹಿಂಬಾಗಿಲು ಬರಿಯ ಪಾಸ್‌ವರ್ಡಿಗೆ ತೆರೆದುಕೊಳ್ಳುತ್ತದೆ. ಸಾವಿರಾರು ಹೆಸರುಗಳ ಮೇಲೆ ನಾಲ್ಕೈದು ಸಾಮಾನ್ಯ ಪಾಸ್‌ವರ್ಡುಗಳನ್ನು ಪ್ರಯೋಗಿಸಿ ನೋಡುವವರು ಬರುವುದು ಇದೇ ದಾರಿಯಲ್ಲಿ. ಅಂಥ ದಾಳಿಗಳಲ್ಲಿ ಶೇಕಡಾ 99ಕ್ಕಿಂತ ಹೆಚ್ಚಿನವು ಇಂಥ ಹಳೆಯ ಪ್ರವೇಶ ಪದ್ಧತಿಗಳ ಮೂಲಕ ನಡೆಯುತ್ತವೆ ಎಂದು ಮೈಕ್ರೋಸಾಫ್ಟ್ ತನ್ನ ಸೇವೆಯ ಲೆಕ್ಕ ಕೊಟ್ಟಿತ್ತು.

ದೊಡ್ಡ ಕಂಪನಿಗಳು ಈ ಬಾಗಿಲನ್ನು ಮುಚ್ಚಿದ್ದು 2022ರಲ್ಲಿ. ಸಾಮಾನ್ಯ ಜಿಮೇಲ್ ಖಾತೆಗಳಿಗೆ ಹೊರಗಿನ ಆ್ಯಪ್‌ಗಳು ಖಾತೆಯ ಪಾಸ್‌ವರ್ಡನ್ನೇ ಕೊಟ್ಟು ಒಳಬರುವುದನ್ನು ಗೂಗಲ್ ಮೇ 30ರಿಂದ ನಿಲ್ಲಿಸಿತು. ಮೈಕ್ರೋಸಾಫ್ಟ್ ತನ್ನ ಎಕ್ಸ್‌ಚೇಂಜ್ ಆನ್‌ಲೈನ್‌ನಲ್ಲಿ ಐಮ್ಯಾಪ್, ಪಾಪ್ ಮೊದಲಾದವುಗಳಿಗೆ ಅಕ್ಟೋಬರ್ 1ರಿಂದ ಸರದಿಯ ಮೇಲೆ ಬೀಗ ಹಾಕತೊಡಗಿತು. ಎಸ್‌ಎಂಟಿಪಿಯನ್ನು ಮಾತ್ರ ಆಗ ಮುಟ್ಟಲಿಲ್ಲ. ಕಾರಣ ಮುಂದೆ ಬರುತ್ತದೆ.

ಆದರೆ ಎಲ್ಲ ಮೇಲ್‌ಗಳೂ ಆ ಎರಡು ಕಂಪನಿಗಳಲ್ಲಿಲ್ಲ. ಕಾಲೇಜುಗಳು, ಸಂಶೋಧನಾ ಸಂಸ್ಥೆಗಳು, ಸಣ್ಣ ಉದ್ದಿಮೆಗಳು ತಮ್ಮದೇ ಸರ್ವರ್ ಇಟ್ಟುಕೊಂಡಿರುತ್ತವೆ. ಅಲ್ಲಿ ಈ ಬದಲಾವಣೆಯನ್ನು ಮಾಡಬೇಕಾದವರು ಒಬ್ಬರೋ ಇಬ್ಬರೋ ಅಡ್ಮಿನ್‌ಗಳು. ಅವರ ಮೇಜಿನ ಕಡೆಯಿಂದ ಈ ಕೆಲಸ ಹೇಗೆ ಕಾಣುತ್ತದೆ ಎಂದು ನೋಡಲು ಒಂದು ಕಾಲೇಜನ್ನು ಕಲ್ಪಿಸಿಕೊಳ್ಳೋಣ. ಅಲ್ಲಿ ಎಂಟುನೂರು ಮೇಲ್‌ಬಾಕ್ಸ್‌ಗಳಿವೆ. ಪತ್ರಗಳನ್ನು ಇಟ್ಟುಕೊಂಡು ಓದಲು ಕೊಡುವುದು ಡವ್‌ಕಾಟ್, ಕಳಿಸುವುದು ಪೋಸ್ಟ್‌ಫಿಕ್ಸ್. ಎರಡೂ ಉಚಿತ, ಎರಡೂ ಲೋಕಪ್ರಸಿದ್ಧ. ಯಾರು ಯಾರೆಂದು ಗುರುತಿಸುವ ಕೆಲಸಕ್ಕೆ ಕೀಕ್ಲೋಕ್ ಎಂಬ ಇನ್ನೊಂದು ಮುಕ್ತ ತಂತ್ರಾಂಶ.

ಓಆತ್ 2.0 ಎಂಬ ಪದ್ಧತಿ 2012ರಲ್ಲಿ ಮಾನದಂಡವಾಯಿತು. ಅದರ ಏರ್ಪಾಡು ನಮ್ಮ ಸರ್ಕಾರಿ ಬಸ್ಸಿನ ಪಾಸಿನಂಥದ್ದು. ವಿದ್ಯಾರ್ಥಿ ಯಾರು, ಯಾವ ಶಾಲೆ ಎಂದು ದಾಖಲೆ ನೋಡಿ ಪಾಸ್ ಕೊಡುವುದು ಡಿಪೋದ ಕೌಂಟರು. ಬಸ್ಸಿನೊಳಗೆ ಕಂಡಕ್ಟರ್ ಆಧಾರ್ ಕಾರ್ಡ್ ಕೇಳುವುದಿಲ್ಲ. ಪಾಸಿನ ಮೇಲಿನ ಮಾರ್ಗ, ಮುಗಿಯುವ ದಿನಾಂಕ ನೋಡಿ ಬಿಡುತ್ತಾರೆ. ಇಲ್ಲಿ ಕೌಂಟರು ಕೀಕ್ಲೋಕ್, ಪಾಸು ಆಕ್ಸೆಸ್ ಟೋಕನ್, ಕಂಡಕ್ಟರ್ ಡವ್‌ಕಾಟ್. ಆಶಾ ಅವರ ಮೇಲ್ ಆ್ಯಪ್ ಒಂದು ಬ್ರೌಸರ್ ಕಿಟಕಿ ತೆರೆಯುತ್ತದೆ. ಅದರಲ್ಲಿ ಕಾಣುವುದು ಕೀಕ್ಲೋಕಿನ ಪುಟ. ಪಾಸ್‌ವರ್ಡನ್ನೂ ಒಟಿಪಿಯನ್ನೂ ಅವರು ಕೊಡುವುದು ಅಲ್ಲಿಗೆ. ಕೀಕ್ಲೋಕ್ ಒಪ್ಪಿದ ಮೇಲೆ ಆ್ಯಪ್‌ಗೆ ಟೋಕನ್ ಸಿಗುತ್ತದೆ. ಆ್ಯಪ್ ಸರ್ವರಿಗೆ ಹೇಳುವ ಮಾತು ಈಗ ಹೀಗಾಗುತ್ತದೆ:

```
user=asha@example.org^Aauth=Bearer eyJhbGciOi...^A^A
```

ಇಲ್ಲಿ ^A ಎಂಬುದು ತೆರೆಯ ಮೇಲೆ ಕಾಣದ ಒಂದು ನಿಯಂತ್ರಣಾಕ್ಷರ. ಸಾಗಿಸುವಾಗ ಇದನ್ನೂ ಬೇಸ್64ರಲ್ಲಿ ಸುತ್ತುತ್ತಾರೆ. ಈ ರೂಪದ ಹೆಸರು `XOAUTH2`, ಗೂಗಲ್ ರೂಢಿಗೆ ತಂದದ್ದು. 2015ರಲ್ಲಿ ಬಂದ ಅಧಿಕೃತ ಮಾನದಂಡದ ಹೆಸರು `OAUTHBEARER`. ಹೆಚ್ಚಿನ ಆ್ಯಪ್‌ಗಳು ಮೊದಲನೆಯದನ್ನೇ ಆಡುವುದರಿಂದ ಎರಡನ್ನೂ ಇಟ್ಟುಕೊಳ್ಳುವುದು ಕ್ಷೇಮ.

ಡವ್‌ಕಾಟಿಗೆ ಇದನ್ನು ಕಲಿಸುವುದು ಅಚ್ಚರಿಯಾಗುವಷ್ಟು ಸಣ್ಣ ಕೆಲಸ. `auth_mechanisms` ಸಾಲಿಗೆ ಆ ಎರಡು ಹೆಸರುಗಳನ್ನು ಸೇರಿಸಿ, ಟೋಕನ್ ತಂದವರನ್ನು ಪರೀಕ್ಷಿಸಲು `oauth2` ಎಂಬ ಹೊಸ ಗುರುತು-ಪಟ್ಟಿಯನ್ನು ಜೋಡಿಸಿ, ಅದರ ಕಡತದಲ್ಲಿ ಈ ಸಾಲುಗಳನ್ನು ಬರೆದರಾಯಿತು. ಇದು 2.3ರ ಬರವಣಿಗೆ, 2025ರ ಆರಂಭದಲ್ಲಿ ಬಂದ 2.4ರಲ್ಲಿ ಬರೆಯುವ ರೀತಿ ಬದಲಾಗಿದೆ, ಅರ್ಥ ಒಂದೇ.

```
introspection_mode = post
introspection_url = https://dovecot:SECRET@id.example.org/realms/college/protocol/openid-connect/token/introspect
username_attribute = email
active_attribute = active
active_value = true
scope = mail
```

ಯಾರಾದರೂ ಟೋಕನ್ ತಂದಾಗ ಡವ್‌ಕಾಟ್ ಅದನ್ನು ಎರಡನೆಯ ಸಾಲಿನ ವಿಳಾಸಕ್ಕೆ ಕಳಿಸಿ "ಇದು ಜೀವಂತವಾಗಿದೆಯೇ, ಯಾರದ್ದು?" ಎಂದು ಕೀಕ್ಲೋಕನ್ನು ಕೇಳುತ್ತದೆ. ಬಂದ ಉತ್ತರದಲ್ಲಿ `active` ನಿಜವಾಗಿರಬೇಕು, `email` ಎಂಬಲ್ಲಿರುವ ವಿಳಾಸ ಆ್ಯಪ್ ಹೇಳಿದ ಹೆಸರಿಗೆ ಸರಿಹೊಂದಬೇಕು. ಪೋಸ್ಟ್‌ಫಿಕ್ಸ್ ಗುರುತು ನೋಡುವ ಕೆಲಸವನ್ನು ಡವ್‌ಕಾಟಿಗೇ ವಹಿಸಿರುತ್ತದಾದ್ದರಿಂದ ಅಲ್ಲಿ ಬೇರೆ ಬರವಣಿಗೆ ಬೇಕಿಲ್ಲ.

ಕೊನೆಯ ಸಾಲು ಸಣ್ಣದು, ಆದರೆ ಅದನ್ನು ಬಿಡುವವರೇ ಹೆಚ್ಚು. ಕಾಲೇಜಿನ ಗ್ರಂಥಾಲಯ, ಹಾಜರಿ, ಫಲಿತಾಂಶದ ತಾಣಗಳೂ ಅದೇ ಕೀಕ್ಲೋಕಿನಿಂದ ಟೋಕನ್ ಪಡೆಯುತ್ತಿರುತ್ತವೆ. ಗ್ರಂಥಾಲಯದ ತಾಣಕ್ಕೆ ಕೊಟ್ಟ ಟೋಕನ್ನೂ ಆಶಾ ಅವರದ್ದೇ, ಜೀವಂತವೂ ಹೌದು. `scope` ನೋಡದಿದ್ದರೆ ಡವ್‌ಕಾಟ್ ಅದನ್ನೂ ಒಪ್ಪಿ ಅವರ ಪತ್ರಗಳನ್ನೆಲ್ಲ ತೆರೆದಿಡುತ್ತದೆ. ಗ್ರಂಥಾಲಯದ ತಾಣದಲ್ಲಿ ಯಾರೋ ನುಸುಳಿದರೆ ಮೇಲ್‌ಬಾಕ್ಸ್‌ಗಳೂ ಅವರ ಕೈಗೆ ಹೋಗುತ್ತವೆ. ಆದ್ದರಿಂದ ಕೀಕ್ಲೋಕಿನಲ್ಲಿ ಮೇಲ್‌ಗೆಂದೇ ಒಂದು ಸ್ಕೋಪ್ ಮಾಡಿ, ಅದನ್ನು ಮೇಲ್ ಆ್ಯಪ್‌ಗಳಿಗೆ ಮಾತ್ರ ಕೊಟ್ಟು, ಬೇರೆ ತಾಣದ ಟೋಕನ್ ತಂದು ನಿಜವಾಗಿಯೂ ಬಾಗಿಲು ಮುಚ್ಚಿದೆಯೇ ಎಂದು ಕೈಯಾರೆ ಪರೀಕ್ಷಿಸಬೇಕು. ಸರಿಯಾದವರು ಒಳಗೆ ಬಂದರು ಎಂಬುದು ಅರ್ಧ ಪರೀಕ್ಷೆ. ತಪ್ಪಾದವರು ಹೊರಗೇ ನಿಂತರು ಎಂಬುದನ್ನೂ ನೋಡಿದ ಮೇಲೆಯೇ ಅದು ಪೂರ್ತಿ.

ಇಷ್ಟು ಮಾಡಿ ನಾಲ್ಕು ಜನರಿಗೆ ಕೊಟ್ಟರೆ ಮೊದಲ ದಿನ ಎಲ್ಲ ಸರಿಯಾಗಿರುತ್ತದೆ. ಎರಡನೆಯ ದಿನ ದೂರು ಶುರು. "ಊಟ ಮುಗಿಸಿ ಬಂದರೆ ಮತ್ತೆ ಲಾಗಿನ್ ಕೇಳುತ್ತಿದೆ ಸರ್." "ಬೆಳಿಗ್ಗೆ ದಿನಾ ಒಟಿಪಿ ಹಾಕಬೇಕಾ ಮೇಡಂ?" ಇದು ಡವ್‌ಕಾಟಿನ ತಪ್ಪಲ್ಲ, ಆ್ಯಪ್‌ನದ್ದೂ ಅಲ್ಲ. ಟೋಕನ್ನಿನ ಆಯುಷ್ಯದ ಲೆಕ್ಕ ಇದು.

ಕೀಕ್ಲೋಕ್ ತಾನಾಗಿ ಕೊಡುವ ಆಕ್ಸೆಸ್ ಟೋಕನ್ನಿನ ಆಯುಷ್ಯ 5 ನಿಮಿಷ. ಐದು ನಿಮಿಷಕ್ಕೊಮ್ಮೆ ಯಾರೂ ಪಾಸ್‌ವರ್ಡ್ ಹಾಕಲಾರರು. ಅದಕ್ಕಾಗಿ ಜೊತೆಯಲ್ಲಿ ರಿಫ್ರೆಶ್ ಟೋಕನ್ ಎಂಬ ಎರಡನೆಯದೂ ಬರುತ್ತದೆ. ಅದನ್ನು ಆ್ಯಪ್ ಮೇಲ್ ಸರ್ವರಿಗೆ ಎಂದೂ ತೋರಿಸುವುದಿಲ್ಲ. ಹಳೆಯ ಆಕ್ಸೆಸ್ ಟೋಕನ್ ಮುಗಿದಾಗ ಕೀಕ್ಲೋಕಿಗೆ ತೋರಿಸಿ ಹೊಸದೊಂದನ್ನು ಪಡೆಯುತ್ತದೆ, ಯಾರನ್ನೂ ಕೇಳದೆ, ಹಿನ್ನೆಲೆಯಲ್ಲಿ. ಈ ರಿಫ್ರೆಶ್ ಟೋಕನ್ನಿನ ಆಯುಷ್ಯ ಮಾತ್ರ ಬ್ರೌಸರಿನಲ್ಲಿ ನಡೆದ ಲಾಗಿನ್ ಅವಧಿಗೆ ಗಂಟು ಬಿದ್ದಿರುತ್ತದೆ. ಆ ಅವಧಿ 30 ನಿಮಿಷ ಸುಮ್ಮನಿದ್ದರೆ ಸಾಯುತ್ತದೆ. ಸುಮ್ಮನಿರದಿದ್ದರೂ 10 ಗಂಟೆಗೆ ಸಾಯುತ್ತದೆ. ವೆಬ್‌ಸೈಟಿಗೆ ಇದು ಹಿತವಾದ ಅಳತೆ. ಮೇಲ್ ಆ್ಯಪ್‌ಗೆ ಹಿಂಸೆ. ಊಟಕ್ಕೆಂದು ಲ್ಯಾಪ್‌ಟಾಪ್ ಮಡಚಿ ನಲವತ್ತು ನಿಮಿಷ ಬಿಟ್ಟು ತೆರೆದರೆ ರಿಫ್ರೆಶ್ ಟೋಕನ್ ಸತ್ತಿರುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಲಾಗಿನ್ ಆದವರಿಗೆ ಸಂಜೆ ಏಳಕ್ಕೆ ಮತ್ತೆ ಕಿಟಕಿ ಏಳುತ್ತದೆ.

ರೋಗ ಇದೇ ಎಂದು ತಿಳಿಯುವುದು ಸುಲಭ. ಕೀಕ್ಲೋಕಿನಲ್ಲಿ ಘಟನೆಗಳ ದಾಖಲೆಯನ್ನು ಆನ್ ಮಾಡಿ ಆ ಹೆಸರನ್ನು ಹುಡುಕಿದರೆ, ದೂರು ಬಂದ ಗಳಿಗೆಯಲ್ಲೇ `REFRESH_TOKEN_ERROR` ಎಂಬ ಸಾಲು ಕಾಣುತ್ತದೆ. ಮದ್ದು ಎಂದರೆ ಆ್ಯಪ್ ಟೋಕನ್ ಕೇಳುವಾಗ `offline_access` ಎಂಬ ಸ್ಕೋಪನ್ನೂ ಜೊತೆಗೆ ಕೇಳುವ ಹಾಗೆ ಮಾಡುವುದು. ಆಗ ಸಿಗುವ ರಿಫ್ರೆಶ್ ಟೋಕನ್ ಬ್ರೌಸರ್ ಅವಧಿಯ ಗಂಟಿನಿಂದ ಬಿಡಿಸಿಕೊಂಡು ತನ್ನದೇ ಲೆಕ್ಕದಲ್ಲಿ ಬದುಕುತ್ತದೆ: 30 ದಿನ ಯಾರೂ ಬಳಸದಿದ್ದರೆ ಮಾತ್ರ ಸಾಯುತ್ತದೆ. ಕಾಲೇಜಿನಲ್ಲಿ ಈ 30 ಕೂಡ ಸಾಲದು. ಬೇಸಿಗೆ ರಜೆ ಮುಗಿಸಿ ಬಂದ ದಿನ ವಿಭಾಗದ ಕಂಪ್ಯೂಟರುಗಳೆಲ್ಲ ಒಟ್ಟಿಗೆ ಲಾಗಿನ್ ಕೇಳಿದರೆ ಅಡ್ಮಿನ್ನಿನ ಫೋನಿಗೆ ಬಿಡುವಿರದು. ರಜೆಗಿಂತ ಉದ್ದವಾಗಿ, ಅರವತ್ತೋ ತೊಂಬತ್ತೋ ದಿನ ಇಡುವುದು ನನ್ನ ಸಲಹೆ. ಆಕ್ಸೆಸ್ ಟೋಕನ್ನಿನ ಐದು ನಿಮಿಷವನ್ನು ಮಾತ್ರ ಉದ್ದ ಮಾಡಬಾರದು. ದೂರು ನಿಲ್ಲಿಸುವ ಆತುರದಲ್ಲಿ ಅದನ್ನೇ ಒಂದು ದಿನಕ್ಕೆ ಏರಿಸುವವರಿದ್ದಾರೆ. ಸರ್ವರಿನ ಮುಂದೆ ಪ್ರತಿಸಲ ಬರುವ, ಸೋರುವ ಸಾಧ್ಯತೆ ಹೆಚ್ಚಿರುವ ಟೋಕನ್ ಅದು. ಅದು ಅಲ್ಪಾಯುವಾಗಿರುವುದರಲ್ಲೇ ಈ ಏರ್ಪಾಡಿನ ಬಲವಿದೆ.

ಇನ್ನೊಂದು ದೂರು ಕೆಲವರಿಂದ ಮಾತ್ರ ಬರುತ್ತದೆ: ಪತ್ರ ಬರುತ್ತವೆ, ಕಳಿಸಲು ಮಾತ್ರ ಆಗುವುದಿಲ್ಲ. ಆ ಕೆಲವರು ಯಾರೆಂದು ನೋಡಿದರೆ ಪ್ರಾಂಶುಪಾಲರು, ಪರೀಕ್ಷಾ ವಿಭಾಗದವರು, ನಾಲ್ಕಾರು ಸಮಿತಿಗಳಲ್ಲಿರುವವರು. ಕೀಕ್ಲೋಕ್ ಒಬ್ಬರ ಪಾತ್ರಗಳನ್ನೂ ಗುಂಪುಗಳನ್ನೂ ಟೋಕನ್ನಿನೊಳಗೇ ಬರೆದು ಕೊಡಬಲ್ಲದು. ಹುದ್ದೆ ಹೆಚ್ಚಿದಷ್ಟೂ ಟೋಕನ್ ಉದ್ದವಾಗುತ್ತದೆ. ಪೋಸ್ಟ್‌ಫಿಕ್ಸ್ ಒಂದು ಆಜ್ಞೆಯ ಸಾಲಿಗೆ ಇಟ್ಟಿರುವ ಮಿತಿ 2048 ಅಕ್ಷರ. ಅದಕ್ಕಿಂತ ಉದ್ದದ ಗುರುತನ್ನು ಆ್ಯಪ್ ಎರಡನೆಯ ಸಾಲಿನಲ್ಲಿ ಕಳಿಸಬೇಕು ಎಂಬುದು ನಿಯಮ, ಆಗ 12288 ಅಕ್ಷರದವರೆಗೂ ಒಪ್ಪುತ್ತದೆ. ಆದರೆ ಎಲ್ಲವನ್ನೂ ಒಂದೇ ಸಾಲಿನಲ್ಲಿ ತುರುಕುವ ಆ್ಯಪ್‌ಗಳಿವೆ. ಸಾಲು ತುಂಡಾಗುತ್ತದೆ, ಗುರುತು ಕೆಡುತ್ತದೆ. ಮೇಲ್‌ಗೆ ಬೇಡದ ಪಾತ್ರಗಳನ್ನು ಆ ಟೋಕನ್ನಿನಿಂದ ತೆಗೆದುಹಾಕಿದರೆ ತೊಂದರೆ ಮಾಯ. ಕೀಕ್ಲೋಕಿನಲ್ಲಿ ಮೇಲ್ ಆ್ಯಪ್‌ನ ನೋಂದಣಿಗೆ ಹೋಗಿ `Full scope allowed` ಎಂಬುದನ್ನು ಆಫ್ ಮಾಡುವುದು ಮೊದಲ ಹೆಜ್ಜೆ.

ಈಗ ಎಲ್ಲಕ್ಕಿಂತ ಕಷ್ಟದ ಭಾಗ. ಟೋಕನ್ನಿಗೆ ಬಾಗಿಲು ತೆರೆದದ್ದಾಯಿತು. ಪಾಸ್‌ವರ್ಡಿಗೆ ಬಾಗಿಲು ಮುಚ್ಚುವುದು ಯಾವಾಗ? ಎರಡೂ ತೆರೆದಿರುವಷ್ಟು ದಿನ ದಾಳಿಕೋರರಿಗೆ ಏನೂ ಬದಲಾಗಿಲ್ಲ. ಕೆಲಸ ಮುಗಿಯಿತೆಂದು ವರದಿ ಬರೆದು, ಹಳೆಯ ಬಾಗಿಲನ್ನು ವರ್ಷಗಟ್ಟಲೆ ತೆರೆದೇ ಇಟ್ಟರೆ ಮಾಡಿದ್ದೆಲ್ಲ ದಂಡ. ಹಾಗೆಂದು ಒಂದು ಸೋಮವಾರ ಏಕಾಏಕಿ ಮುಚ್ಚಿದರೆ ಅರ್ಧ ಕಾಲೇಜು ನಿಲ್ಲುತ್ತದೆ. ನಡುವಿನ ದಾರಿ ಲಾಗಿನಲ್ಲಿದೆ. ಒಳಬಂದ ಪ್ರತಿಯೊಬ್ಬರೂ ಯಾವ ರೀತಿಯಲ್ಲಿ ಬಂದರೆಂದು ಡವ್‌ಕಾಟ್ ಬರೆದಿಡುತ್ತದೆ: `method=PLAIN` ಎಂದಿದ್ದರೆ ಪಾಸ್‌ವರ್ಡ್, `method=XOAUTH2` ಎಂದಿದ್ದರೆ ಟೋಕನ್. ಇನ್ನೂ ಪಾಸ್‌ವರ್ಡಿನಲ್ಲೇ ಬರುತ್ತಿರುವವರ ಪಟ್ಟಿ ತೆಗೆಯಲು ಇಷ್ಟು ಸಾಕು:

```
grep 'Login: user=' /var/log/mail.log | grep 'method=PLAIN' \
  | grep -o 'user=<[^>]*>' | sort | uniq -c | sort -n
```

ಕಳಿಸುವ ಕಡೆಯ ಲೆಕ್ಕಕ್ಕೆ ಪೋಸ್ಟ್‌ಫಿಕ್ಸಿನ `sasl_method=` ಸಾಲುಗಳನ್ನು ಹೀಗೆಯೇ ಎಣಿಸಬೇಕು. ಅಲ್ಲಿ `PLAIN` ಜೊತೆಗೆ `LOGIN` ಎಂಬ ಅದರ ತಮ್ಮನನ್ನೂ ಸೇರಿಸಬೇಕು. ಅದೂ ಬರಿಯ ಪಾಸ್‌ವರ್ಡೇ. ಕನಿಷ್ಠ ಒಂದು ತಿಂಗಳ ಲಾಗ್ ಬೇಕು. ತಿಂಗಳ ಕೊನೆಗೆ ಸಂಬಳದ ಚೀಟಿ ಕಳಿಸುವ ಸ್ಕ್ರಿಪ್ಟು ವಾರದ ಲಾಗಿನಲ್ಲಿ ಕಾಣದೆ ಹೋಗಬಹುದು.

ಲಾಗಿನಲ್ಲಿ ಸಾಮಾನ್ಯವಾಗಿ ಸರ್ವರಿನದ್ದೇ ವಿಳಾಸದಿಂದ ಬಂದ ಲಾಗಿನ್‌ಗಳ ರಾಶಿ ಇರುತ್ತದೆ. ಅದು ಕಾಲೇಜಿನ ವೆಬ್‌ಮೇಲ್. ಬ್ರೌಸರಿನಲ್ಲಿ ಜನ ಕೊಟ್ಟ ಪಾಸ್‌ವರ್ಡನ್ನು ಅದು ಡವ್‌ಕಾಟಿಗೆ ದಾಟಿಸುತ್ತಿರುತ್ತದೆ. ವೆಬ್‌ಮೇಲ್ ರೌಂಡ್‌ಕ್ಯೂಬ್ ಆಗಿದ್ದರೆ 1.5ರ ಆವೃತ್ತಿಯಿಂದ ಓಆತ್ ಸೌಲಭ್ಯ ಇದೆ. ಒಂದು ಕಡತ ತಿದ್ದಿದರೆ ನೂರಾರು ಜನ ಒಂದೇ ಸಂಜೆಗೆ ಟೋಕನ್ನಿಗೆ ಬಂದುಬಿಡುತ್ತಾರೆ. ಮೊದಲು ಮಾಡಬೇಕಾದ್ದು ಇದನ್ನೇ.

ಆಮೇಲೆ ಉಳಿಯುವುದು ಡೆಸ್ಕ್‌ಟಾಪು, ಫೋನು ಮತ್ತು ಯಂತ್ರಗಳು. ಇಲ್ಲಿ ಒಂದು ಕಹಿ ಸಂಗತಿ ಹೇಳಬೇಕು. ಜಿಮೇಲಿಗೆ, ಔಟ್‌ಲುಕ್ಕಿಗೆ ಸೊಗಸಾಗಿ ಟೋಕನ್ ಪಡೆಯುವ ಆ್ಯಪ್‌ಗಳೇ ನಮ್ಮ ಕಾಲೇಜಿನ ಸರ್ವರಿನ ಮುಂದೆ ಮೂಕವಾಗುತ್ತವೆ. ಓಆತ್‌ನಲ್ಲಿ ಪ್ರತಿ ಆ್ಯಪ್ ಮೊದಲೇ ಕೌಂಟರಿನಲ್ಲಿ ನೋಂದಾಯಿಸಿಕೊಂಡು ಗುರುತಿನ ಸಂಖ್ಯೆ ಪಡೆದಿರಬೇಕು. ಥಂಡರ್‌ಬರ್ಡ್ ಗೂಗಲ್, ಮೈಕ್ರೋಸಾಫ್ಟ್, ಯಾಹೂ, ಫಾಸ್ಟ್‌ಮೇಲ್ ಮುಂತಾದವುಗಳಲ್ಲಿ ನೋಂದಾಯಿಸಿಕೊಂಡು ಆ ಪಟ್ಟಿಯನ್ನು ತನ್ನೊಳಗೇ ಬರೆದಿಟ್ಟುಕೊಂಡಿದೆ. ಪಟ್ಟಿಯಲ್ಲಿಲ್ಲದ ಸರ್ವರಿಗೆ ಪಾಸ್‌ವರ್ಡೇ ಗತಿ, ಇಲ್ಲವೆ ಆ ಪಟ್ಟಿಗೆ ನಮ್ಮ ವಿಳಾಸ ಸೇರಿಸುವ ಆಡ್-ಆನ್ ಒಂದನ್ನು ಪ್ರತಿ ಕಂಪ್ಯೂಟರಿಗೂ ಹಾಕಬೇಕು. ಕಾಲೇಜಿನ ಒಳಗಿನ ಯಂತ್ರಗಳಿಗೆ ಅದನ್ನು ಮಾಡಬಹುದು. ಐಫೋನಿನ ಮೇಲ್ ಆ್ಯಪ್‌ನಲ್ಲಿ ಕೈಯಿಂದ ಸೇರಿಸಿದ ಐಮ್ಯಾಪ್ ಖಾತೆ, ಆಂಡ್ರಾಯ್ಡಿನ ಜಿಮೇಲ್ ಆ್ಯಪ್‌ನಲ್ಲಿ ಸೇರಿಸಿದ ಬೇರೆ ಐಮ್ಯಾಪ್ ಖಾತೆ, ಇವೆರಡೂ ಪಾಸ್‌ವರ್ಡನ್ನೇ ಕೇಳುತ್ತವೆ. ಯಾವ ಆ್ಯಪ್ ಆದರೂ ಯಾವ ಸರ್ವರಿನ ಜೊತೆಗಾದರೂ ತಾನೇ ನೋಂದಾಯಿಸಿಕೊಳ್ಳುವ ರೀತಿಯನ್ನು ಅಂತರ್ಜಾಲದ ಮಾನದಂಡ ರೂಪಿಸುವ ಐಇಟಿಎಫ್‌ನಲ್ಲಿ ಬರೆಯುತ್ತಿದ್ದಾರೆ. ಅದು ಆ್ಯಪ್‌ಗಳಿಗೆ ಇಳಿಯುವವರೆಗೆ ದೊಡ್ಡ ಕಂಪನಿಗಳಿಗೆ ಒಂದು ದಾರಿ, ಸ್ವಂತ ಸರ್ವರ್ ಇಟ್ಟವರಿಗೆ ಇನ್ನೊಂದು. ಇದು ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಭದ್ರತೆಯ ಹೆಸರಿನಲ್ಲಿ ಬಂದ ಏರ್ಪಾಡು ಜನರನ್ನು ಎರಡು ಮೂರು ಕಂಪನಿಗಳ ಅಂಗಳಕ್ಕೆ ದೂಡಬಾರದು.

ಸದ್ಯಕ್ಕೆ ಈ ಫೋನುಗಳಿಗೆ ಇರುವ ದಾರಿ ಆ್ಯಪ್ ಪಾಸ್‌ವರ್ಡ್. ಕಾಲೇಜಿನ ತಾಣದಲ್ಲಿ ಒಟಿಪಿ ಕೊಟ್ಟು ಒಳಹೋದ ಆಶಾ "ನನ್ನ ಫೋನಿಗೆ" ಎಂದು ಕೇಳಿದರೆ, ಯಂತ್ರವೇ ಹೆಣೆದ ಹದಿನಾರೋ ಇಪ್ಪತ್ತೋ ಅಕ್ಷರದ ಗುಟ್ಟೊಂದು ಸಿಗುತ್ತದೆ. ಅದು ಮೇಲ್‌ಗೆ ಮಾತ್ರ, ಆ ಒಂದು ಫೋನಿಗೆ ಮಾತ್ರ. ಫೋನ್ ಕಳೆದರೆ ಅದೊಂದನ್ನು ಅಳಿಸಿದರಾಯಿತು. ಮನುಷ್ಯರು ಆರಿಸಿದ ಪದವಲ್ಲವಾದ್ದರಿಂದ ಊಹಿಸುವವರಿಗೆ ಸಿಗದು. ಸೋರಿದರೂ ಸಂಬಳದ ತಾಣ ತೆರೆಯದು. ಟೋಕನ್ನಿನಷ್ಟು ಒಳ್ಳೆಯದಲ್ಲ, ಆದರೆ ಮೂಲ ಪಾಸ್‌ವರ್ಡಿಗಿಂತ ಎಷ್ಟೋ ವಾಸಿ.

ಸ್ಕ್ಯಾನರ್‌ಗಳದ್ದು ಬೇರೆ ಕಥೆ. ಕಚೇರಿಯ ದೊಡ್ಡ ಜೆರಾಕ್ಸ್ ಯಂತ್ರ ಸ್ಕ್ಯಾನ್ ಮಾಡಿದ ಪುಟವನ್ನು ಮೇಲ್ ಮಾಡುತ್ತದೆ. ಅದಕ್ಕೆ ಬ್ರೌಸರ್ ಇಲ್ಲ, ಒಟಿಪಿ ಹಾಕುವವರಿಲ್ಲ, ತಯಾರಕರು ಹೊಸ ತಂತ್ರಾಂಶವನ್ನೂ ಕೊಡುವುದಿಲ್ಲ. ಮೈಕ್ರೋಸಾಫ್ಟ್ 2022ರಲ್ಲಿ ಎಸ್‌ಎಂಟಿಪಿಯನ್ನು ಮುಟ್ಟದೆ ಬಿಟ್ಟದ್ದು ಇಂಥ ಯಂತ್ರಗಳ ಕಾರಣದಿಂದ. ನಮ್ಮದೇ ಸರ್ವರಿನಲ್ಲಿ ಪರಿಹಾರ ಸುಲಭ. ಸ್ಕ್ಯಾನರಿಗೆ ಲಾಗಿನ್ನೇ ಬೇಡ. ಆವರಣದೊಳಗಿನ ಅದರ ಐಪಿ ವಿಳಾಸದಿಂದ ಬಂದ ಪತ್ರವನ್ನು ಪೋಸ್ಟ್‌ಫಿಕ್ಸ್ ಸ್ವೀಕರಿಸಲಿ, ಆದರೆ ಕಾಲೇಜಿನ ಮೇಲ್‌ಬಾಕ್ಸ್‌ಗಳಿಗೆ ಮಾತ್ರ ತಲುಪಿಸಲಿ. ಅಲ್ಲಿಗೆ ಸ್ಕ್ಯಾನರಿನ ಹೊಟ್ಟೆಯಲ್ಲಿದ್ದ ಒಂದು ಪಾಸ್‌ವರ್ಡ್ ಕಡಿಮೆಯಾಯಿತು.

ಹೀಗೆ ಒಬ್ಬೊಬ್ಬರಾಗಿ ದಾಟಿದವರಿಗೆ ಹಳೆಯ ಬಾಗಿಲನ್ನು ಅಂದೇ ಮುಚ್ಚಬಹುದು, ಎಲ್ಲರಿಗಾಗಿ ಕಾಯಬೇಕಿಲ್ಲ. ಡವ್‌ಕಾಟಿನಲ್ಲಿ ಅದಕ್ಕೊಂದು ಜಾಣ ಸೌಲಭ್ಯವಿದೆ, ನಿರಾಕರಣೆಯ ಪಟ್ಟಿ:

```
passdb {
  driver = passwd-file
  deny = yes
  mechanisms = plain login
  args = /etc/dovecot/no-password-users
}
```

ಆ ಕಡತದಲ್ಲಿ ಸಾಲಿಗೊಂದರಂತೆ ಹೆಸರು ಬರೆದರೆ, ಆ ಹೆಸರಿನವರು ಸರಿಯಾದ ಪಾಸ್‌ವರ್ಡನ್ನೇ ತಂದರೂ ಒಳಗೆ ಬಿಡುವುದಿಲ್ಲ. ಟೋಕನ್ ತಂದರೆ ಬಿಡುತ್ತದೆ. ಡವ್‌ಕಾಟ್ ಇಂಥ ಪಟ್ಟಿಗಳನ್ನು ಬರೆದ ಕ್ರಮದಲ್ಲೇ ನೋಡುವುದರಿಂದ ಆ್ಯಪ್ ಪಾಸ್‌ವರ್ಡುಗಳ ಪಟ್ಟಿ ಮೊದಲು, ನಿರಾಕರಣೆ ನಂತರ, ಹಳೆಯ ಪಾಸ್‌ವರ್ಡುಗಳ ಪಟ್ಟಿ ಕೊನೆಗೆ ಬರಬೇಕು. ವಾರಕ್ಕೊಂದು ವಿಭಾಗ ಎಂದು ಹೆಸರುಗಳನ್ನು ಸೇರಿಸುತ್ತ ಹೋಗಬಹುದು. ಯಾರಿಗಾದರೂ ತೊಂದರೆಯಾದರೆ ಒಂದು ಸಾಲು ಅಳಿಸಿದರೆ ಅವರು ಹಿಂದಿನಂತೆ ಕೆಲಸ ಮಾಡುತ್ತಾರೆ, ಉಳಿದವರಿಗೆ ಏನೂ ಆಗುವುದಿಲ್ಲ. ಲಾಗಿನಲ್ಲಿ ಹಳೆಯ ಪಾಸ್‌ವರ್ಡಿನ ಸಾಲು ಒಂದು ತಿಂಗಳು ಕಾಣದಿದ್ದ ಮೇಲೆ ಮೂರನೆಯ ಪಟ್ಟಿಯನ್ನೇ ತೆಗೆದುಹಾಕಬೇಕು. ಅಂದಿನಿಂದ ಮೇಲ್ ಸರ್ವರಿಗೆ ಯಾರ ಮೂಲ ಪಾಸ್‌ವರ್ಡೂ ಗೊತ್ತಿರುವುದಿಲ್ಲ. ಆ ಸರ್ವರನ್ನು ಯಾರಾದರೂ ಕೊಳ್ಳೆ ಹೊಡೆದರೂ ಸಿಗದ ಮಾಲು ಅದು.

ಟೋಕನ್ನಿಗೂ ಮಿತಿಗಳಿವೆ. ಒಬ್ಬರು ಕೆಲಸ ಬಿಟ್ಟು ಹೋದರು ಎನ್ನೋಣ. ಕೀಕ್ಲೋಕಿನಲ್ಲಿ ಅವರ ಖಾತೆ ಮುಚ್ಚಿದರೆ ಹೊಸ ಟೋಕನ್ ಸಿಗುವುದಿಲ್ಲ, ನಿಜ. ಆದರೆ ಡವ್‌ಕಾಟ್ ಟೋಕನ್ ನೋಡುವುದು ಬಾಗಿಲಿನಲ್ಲಿ ಮಾತ್ರ. ಈಗಾಗಲೇ ಒಳಗಿರುವ ಐಮ್ಯಾಪ್ ಸಂಪರ್ಕ ಹೊಸ ಪತ್ರಕ್ಕಾಗಿ ಕಾಯುತ್ತ ಗಂಟೆಗಟ್ಟಲೆ ತೆರೆದಿರಬಲ್ಲದು. ಟೋಕನ್ನಿನ ಐದು ನಿಮಿಷ ಮುಗಿದದ್ದು ಅದಕ್ಕೆ ಲೆಕ್ಕವಿಲ್ಲ. ಅದಕ್ಕಾಗಿ ಸರ್ವರಿನಲ್ಲಿ ಕೈಯಾರೆ ಹೊರಹಾಕಬೇಕು:

```
doveadm auth cache flush asha@example.org
doveadm kick asha@example.org
```

ಹಾಗೆಯೇ ಖಾತೆ ಮುಚ್ಚದೆ ಪಾಸ್‌ವರ್ಡನ್ನು ಮಾತ್ರ ಬದಲಿಸಿದರೆ `offline_access` ಮೂಲಕ ಕೊಟ್ಟ ಅನುಮತಿ ತಾನಾಗಿ ಸಾಯುತ್ತದೆ ಎಂದು ನಂಬಬಾರದು. ಖಾತೆ ಕದ್ದುಹೋದ ಅನುಮಾನ ಬಂದಾಗ ಕೀಕ್ಲೋಕಿನಲ್ಲಿ ಆ ಬಳಕೆದಾರರ ಪುಟಕ್ಕೆ ಹೋಗಿ ಅನುಮತಿಗಳನ್ನು ಬೇರೆಯಾಗಿ ರದ್ದು ಮಾಡಬೇಕು. ಕಳ್ಳರೂ ಹೊಸ ದಾರಿ ಕಲಿತಿದ್ದಾರೆ. ಟಿವಿಯಂಥ ಯಂತ್ರಗಳಿಗೆ ಲಾಗಿನ್ ಮಾಡಲೆಂದು ಓಆತ್‌ನಲ್ಲಿ ಒಂದು ಸಣ್ಣ ಕೋಡ್ ಕೊಟ್ಟು "ಇದನ್ನು ಬೇರೆ ಕಂಪ್ಯೂಟರಿನಲ್ಲಿ ಹಾಕಿ" ಎನ್ನುವ ಪದ್ಧತಿಯಿದೆ. ತಮ್ಮ ಯಂತ್ರದ ಕೋಡನ್ನು ಸಭೆಯ ಆಹ್ವಾನದಂತೆ ಬೇರೆಯವರಿಗೆ ಕಳಿಸಿ, ಅವರ ಕೈಯಿಂದಲೇ ಅಸಲಿ ಲಾಗಿನ್ ಪುಟದಲ್ಲಿ ಹಾಕಿಸಿ, ಟೋಕನ್ ತಮ್ಮ ಕೈಗೆ ಬರುವಂತೆ ಮಾಡುವ ಗುಂಪಿನ ಬಗ್ಗೆ ಮೈಕ್ರೋಸಾಫ್ಟ್ 2025ರ ಫೆಬ್ರುವರಿಯಲ್ಲಿ ಎಚ್ಚರಿಸಿತು. ಮೇಲ್ ಆ್ಯಪ್‌ನ ನೋಂದಣಿಯಲ್ಲಿ ಆ ಪದ್ಧತಿಯನ್ನು ಆಫ್ ಮಾಡಿಡುವುದು ಲೇಸು, ಕಾಲೇಜಿಗೆ ಅದರ ಅಗತ್ಯ ಬೀಳುವುದು ಅಪರೂಪ.

ನಿಮ್ಮ ಕಚೇರಿಯಿಂದಲೂ ಒಂದು ದಿನ "ಇಂಥ ತಾರೀಖಿನಿಂದ ಪಾಸ್‌ವರ್ಡ್ ಲಾಗಿನ್ ನಿಲ್ಲುತ್ತದೆ" ಎಂಬ ಸೂಚನೆ ಬರಬಹುದು. ಆಗ ಎರಡು ಕೆಲಸ ಮಾಡಿ. ತೆರೆದ ಲಾಗಿನ್ ಕಿಟಕಿಯ ವಿಳಾಸ ನಿಮ್ಮ ಸಂಸ್ಥೆಯದ್ದೇ ಎಂದು ಓದಿ ನೋಡಿದ ಮೇಲೆಯೇ ಪಾಸ್‌ವರ್ಡ್ ಹಾಕಿ. ನೀವಾಗಿ ಕೇಳದ ಯಾವ ಕೋಡನ್ನೂ ಎಲ್ಲಿಯೂ ತುಂಬಬೇಡಿ. ನಿಮ್ಮ ವಿಭಾಗದ ಸ್ಕ್ಯಾನರು, ಹಾಜರಿ ಯಂತ್ರ, ಯಾರೋ ಹಳೆಯ ಸಹೋದ್ಯೋಗಿ ಬರೆದಿಟ್ಟ ವರದಿಯ ಸ್ಕ್ರಿಪ್ಟು ಯಾರ ಮೇಲ್ ಖಾತೆಯಿಂದ ಪತ್ರ ಕಳಿಸುತ್ತಿದೆ ಎಂಬುದನ್ನು ಆ ತಾರೀಖಿಗೆ ಮುಂಚೆಯೇ ಅಡ್ಮಿನ್‌ಗೆ ಒಂದು ಸಾಲಿನಲ್ಲಿ ಬರೆದು ಕಳಿಸಿ. ಅವರಿಗೆ ಲಾಗಿನಲ್ಲಿ ಕಾಣುವುದು ಒಂದು ಹೆಸರು ಮತ್ತು ಒಂದು ಐಪಿ ವಿಳಾಸ ಮಾತ್ರ. ಅದರ ಹಿಂದಿರುವ ಯಂತ್ರ ಯಾವ ಕೋಣೆಯಲ್ಲಿದೆ ಎಂದು ಗೊತ್ತಿರುವುದು ನಿಮಗೆ.